ಅಳಿಯ ಭಾಗಿಸು ಮಗಳ ಗಂಡ

ಆರನೇ ಸ್ಲೈಡಿನಲ್ಲಿ ಬಟ್ಟಲು ಬಂತು. ಪಾಯಸ ಹಾಕಿಕೊಳ್ಳುವಂಥ ಅಗಲಬಾಯಿಯ ಬಟ್ಟಲು. ತಳದಲ್ಲಿ ಹಸಿರು ಬಣ್ಣ, ಬಲಗಡೆ ಅಂಚು ಏರುತ್ತಾ ಹೋದಂತೆ ಕೆಂಪು. ಹಸಿರಿನ ಕೆಳಗೆ 0.8ರಿಂದ 1.3 ಎಂದೂ ಕೆಂಪು ಶುರುವಾಗುವ ಕಡೆ 1.5 ಎಂದೂ ಬರೆದಿತ್ತು. "ನಿಮ್ಮ ಬೌಲರ್ ಹಸಿರಿನಲ್ಲಿದ್ದರೆ ಸೇಫ್ ಸರ್. ಕೆಂಪಿಗೆ ಬಂದರೆ ಗಾಯ ಗ್ಯಾರಂಟಿ" ಎಂದ ಟ್ರ್ಯಾಕ್‌ಪ್ಯಾಂಟಿನ ಯುವಕ. ಮುಂದಿನ ಸಾಲಿನಲ್ಲಿದ್ದ ನಮ್ಮ ಕ್ಲಬ್ಬಿನ ಖಜಾಂಚಿ ಹಿಂದಕ್ಕೆ ತಿರುಗಿ ನನ್ನ ಕಡೆ ಹುಬ್ಬು ಹಾರಿಸಿದರು. ಬರೆದುಕೊಳ್ಳಿ ಮೇಷ್ಟ್ರೇ ಎಂದು ಅದರ ಅರ್ಥ.

ನಾನು ಬೆಂಗಳೂರಿನ ಒಂದು ಸಣ್ಣ ಕ್ರಿಕೆಟ್ ಕ್ಲಬ್ಬಿನ ಸ್ಕೋರರ್. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು, ನಿವೃತ್ತನಾದ ಮೇಲೆ ಪೆನ್ಸಿಲ್ ಬಿಡಲಾಗದೆ ಸ್ಕೋರ್ ಪುಸ್ತಕ ಹಿಡಿದವನು. ಆಟಗಾರರ ಬೆನ್ನಿಗೆ ಒಂದು ವೆಸ್ಟ್ ತೊಡಿಸಿ, ಮೊಬೈಲಿಗೆ ಒಂದು ಆ್ಯಪ್ ಹಾಕಿಸಿ, ಯಾರಿಗೆ ಯಾವಾಗ ಗಾಯವಾಗುತ್ತದೆಂದು ಮೊದಲೇ ಹೇಳುವ ಕಂಪನಿಯೊಂದು ಒಂದು ತಿಂಗಳು ಪುಕ್ಕಟೆ ಸೇವೆ ಕೊಟ್ಟಿತ್ತು. ಈಗ ವರ್ಷದ ಚಂದಾ ಕೇಳಲು ಬಂದಿದೆ. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ನನಗೂ ಒಂದು ವೆಸ್ಟ್ ತೊಡಿಸಿಯಾರು. ಚಂದಾ ಮೊತ್ತ ಕೇಳಿ ಖಜಾಂಚಿಗೆ ರಾತ್ರಿ ನಿದ್ದೆ ಬಂದಿರಲಿಲ್ಲ. ಪಿಚ್ಚಿನ ಮೇಲೆ ಹಾಸುವ ಟಾರ್ಪಾಲು ಎರಡು ವರ್ಷದಿಂದ ತೂತಾಗಿದೆ, ಅದಕ್ಕೇ ದುಡ್ಡಿಲ್ಲ. "ಕೊನೆಯಲ್ಲಿ ಪ್ರಶ್ನೋತ್ತರಕ್ಕೆ ಐದು ನಿಮಿಷ ಇದೆಯಂತೆ. ಲೆಕ್ಕದವರು ನೀವು, ನಾಲ್ಕು ಪ್ರಶ್ನೆ ಕೇಳಿ" ಎಂದು ಫೋನಿನಲ್ಲಿ ಅಂಗಲಾಚಿದ್ದರು.

ಮೊದಲ ಪ್ರಶ್ನೆ ಯಾವುದಾಗಬೇಕೆಂಬ ವಿಷಯದಲ್ಲಿ ಖಜಾಂಚಿಗೂ ನನಗೂ ಒಮ್ಮತವಿರಲಿಲ್ಲ. ಪುಕ್ಕಟೆ ತಿಂಗಳ ಕೊನೆಯ ವಾರ ನಡೆದದ್ದು ಇಷ್ಟು. ನಮ್ಮ ಎಡಗೈ ವೇಗಿ ಮೂರು ವಾರ ಕ್ರಮವಾಗಿ 96, 90, 102 ಎಸೆತ ಹಾಕಿದ್ದ. ನಾಲ್ಕನೇ ವಾರ ಟೂರ್ನಿ ಬಂತು, 192 ಹಾಕಿದ. ಆ್ಯಪ್ ಕೆಂಪು ದೀಪ ಹಚ್ಚಿತು. ಹುಡುಗನನ್ನು ಫೈನಲ್‌ನಿಂದ ಕೂರಿಸಿದರು. ಅವನ ಬದಲಿಗೆ ಬಂದ, ಆ್ಯಪ್ ಪ್ರಕಾರ ಅಚ್ಚ ಹಸಿರಾಗಿದ್ದ ಮಧ್ಯಮ ವೇಗಿ ಮೂರನೇ ಓವರಿನಲ್ಲಿ ತೊಡೆ ಹಿಡಿದುಕೊಂಡು ಕೂತ. ಹ್ಯಾಮ್‌ಸ್ಟ್ರಿಂಗ್. ಫೈನಲ್ ಹೋಯಿತು. "ಇದನ್ನೇ ಕೇಳಿ, ಮುಖಕ್ಕೆ ಹೊಡೆದಂತೆ ಕೇಳಿ" ಎಂಬುದು ಖಜಾಂಚಿಯ ವಾದ. ನಾನು ಒಪ್ಪಲಿಲ್ಲ. ಒಬ್ಬ ಹುಡುಗನ ಒಂದು ತೊಡೆಯಿಂದ ಏನೂ ಸಾಬೀತಾಗುವುದಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸಂಬಂಧ ಕಟ್ಟುವ ಕೆಲಸವನ್ನು ಕಂಪನಿಯವರು ಮಾಡುತ್ತಿದ್ದಾರೆಂದು ನಾನು ದೂರುವವನು, ನಾನೇ ಅದನ್ನು ಮಾಡಿದರೆ ಹೇಗೆ?

ಈ ರೋಗ ನಮ್ಮ ಖಜಾಂಚಿಗೆ ಮಾತ್ರ ಇಲ್ಲ. 2025ರ ಇಂಗ್ಲೆಂಡ್ ಪ್ರವಾಸದಲ್ಲಿ ಬೂಮ್ರಾ ಐದರಲ್ಲಿ ಮೂರು ಟೆಸ್ಟ್ ಆಡಿದರು, ಸಿರಾಜ್ ಐದೂ ಆಡಿ 185.3 ಓವರ್ ಹಾಕಿ 23 ವಿಕೆಟ್ ತೆಗೆದರು. ಸರಣಿ ಮುಗಿದ ಮರುದಿನ ನಮ್ಮ ಬೀದಿಯ ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುತ್ತಿದ್ದವರೆಲ್ಲ ವರ್ಕ್‌ಲೋಡ್ ಎಂಬುದೇ ಬೊಗಳೆ ಎಂದು ತೀರ್ಪು ಕೊಟ್ಟರು. ಒಬ್ಬರ ಬೆನ್ನುಮೂಳೆಗೆ ಇನ್ನೊಬ್ಬರ ಬೆನ್ನುಮೂಳೆ ಜಾಮೀನು ನಿಲ್ಲುವುದಿಲ್ಲ. ಹೊರೆ ಹೆಚ್ಚಾದರೆ ಮೈ ಮುರಿಯುತ್ತದೆ ಎಂಬುದರಲ್ಲಿ ನನಗೆ ಅನುಮಾನವೇ ಇಲ್ಲ. ಭತ್ತದ ಮೂಟೆ ಹೊತ್ತ ಯಾರನ್ನಾದರೂ ಕೇಳಿ. ನನ್ನ ಜಗಳ ಇರುವುದು ಆ ಬಟ್ಟಲಿನ ಜೊತೆ.

ಬಟ್ಟಲಿನ ಜಾತಕ ಮೊದಲು ಹೇಳಿಬಿಡುತ್ತೇನೆ. ಕಳೆದ 7 ದಿನದ ಹೊರೆಯನ್ನು ಕಳೆದ 28 ದಿನಗಳ ವಾರದ ಸರಾಸರಿ ಹೊರೆಯಿಂದ ಭಾಗಿಸಬೇಕು. ಬಂದ ಸಂಖ್ಯೆ ಒಂದು ಎಂದರೆ ಎಂದಿನಷ್ಟೇ ದುಡಿದಿದ್ದೀರಿ, ಎರಡು ಎಂದರೆ ಎಂದಿನ ಎರಡರಷ್ಟು. ಇದು ಮೊದಲು ಸದ್ದು ಮಾಡಿದ್ದು ನಮ್ಮ ಆಟದಲ್ಲೇ. 2014ರಲ್ಲಿ ಬಿಲ್ಲಿ ಹುಲಿನ್, ಟಿಮ್ ಗ್ಯಾಬೆಟ್ ಮತ್ತವರ ಸಂಗಡಿಗರು ಆರು ವರ್ಷಗಳ ಅವಧಿಯಲ್ಲಿ 28 ವೇಗಿಗಳ ಲೆಕ್ಕ ನೋಡಿ, ಎಸೆತಗಳು ದಿಢೀರನೆ ಏರಿದ ವಾರದ ನಂತರ ಗಾಯಗಳು ಹೆಚ್ಚು ಎಂದು ಬರೆದರು. 2016ರಲ್ಲಿ ಗ್ಯಾಬೆಟ್ ಬರೆದ ಲೇಖನದಲ್ಲಿ ಹಸಿರು ತಳದ, ಕೆಂಪು ಅಂಚಿನ ಬಟ್ಟಲು ಜಗತ್ತಿಗೆಲ್ಲ ಪರಿಚಯವಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರ ಒಮ್ಮತದ ಹೇಳಿಕೆಯಲ್ಲೂ ಅದು ಜಾಗ ಪಡೆಯಿತು. ಗ್ಯಾಬೆಟ್ ಹೇಳಹೊರಟಿದ್ದರಲ್ಲಿ ಒಂದು ಒಳ್ಳೆಯ ಮಾತಿತ್ತು: ಕಷ್ಟಪಟ್ಟು ಅಭ್ಯಾಸ ಮಾಡುವುದೇ ಅಪರಾಧವಲ್ಲ, ಅಭ್ಯಾಸವಿಲ್ಲದವನು ಒಮ್ಮೆಲೇ ಕಷ್ಟಪಡುವುದು ಅಪಾಯ. ಅಷ್ಟು ಹೇಳಿ ನಿಲ್ಲಿಸಿದ್ದರೆ ನಮ್ಮಜ್ಜಿ ಕೂಡ ತಲೆಯಾಡಿಸುತ್ತಿದ್ದಳು. ಆದರೆ ಅಜ್ಜಿಯ ಮಾತಿಗೆ ಚಂದಾ ಕೇಳಲಾಗುವುದಿಲ್ಲ, ದಶಮಾಂಶ ಬಿಂದುವಿಗೆ ಕೇಳಬಹುದು.

ನಲವತ್ತೆರಡನೇ ಸ್ಲೈಡಿನಲ್ಲಿ "ಥ್ಯಾಂಕ್ ಯೂ" ಬಂದಾಗ ಫ್ಯಾನಿನ ಕೆಳಗೆ ಅರ್ಧ ತಂಡ ನಿದ್ದೆ ಹೋಗಿತ್ತು. ನಾನು ಎದ್ದು ನಿಂತು ಕೆಂಪು ದೀಪ ಕಂಡ ನಮ್ಮ ವೇಗಿಯ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿ ತೋರಿಸಪ್ಪಾ ಎಂದೆ. ಪಾಪ, ಖುಷಿಯಿಂದಲೇ ಮಾಡಿದ. ನಾಲ್ಕು ವಾರದ ಎಸೆತ ಕೂಡಿದರೆ 480. ನಾಲ್ಕರಿಂದ ಭಾಗಿಸಿದರೆ 120. ಕೊನೆಯ ವಾರದ 192ನ್ನು 120ರಿಂದ ಭಾಗಿಸಿದರೆ 1.6. ಒಂದೂವರೆಯ ಗೆರೆ ದಾಟಿತು, ದೀಪ ಕೆಂಪಾಯಿತು.

"ಕೆಳಗಿನ 120ರಲ್ಲಿ ಕೊನೆಯ ವಾರದ 192 ಸೇರಿದೆಯೋ ಇಲ್ಲವೋ?" ಎಂದೆ.

"ಸೇರಿದೆ ಸರ್."

"ಮೇಲೆ ಇರುವುದೂ ಅದೇ ಅಲ್ಲವೆ?"

"ಹೌದು ಸರ್."

"ಹಾಗಾದರೆ ಅಳಿಯನನ್ನು ಮಗಳ ಗಂಡನಿಂದ ಭಾಗಿಸಿದಂತಾಯಿತು."

ನಗು ಬಂದದ್ದು ಖಜಾಂಚಿಗೆ ಮಾತ್ರ. ಉಳಿದವರಿಗೆ ಬಿಡಿಸಿ ಹೇಳಬೇಕಾಯಿತು. ಅಂಶದಲ್ಲಿರುವ ಸಂಖ್ಯೆಯೇ ಛೇದದ ಹೊಟ್ಟೆಯಲ್ಲೂ ಕೂತಿದ್ದರೆ ಅನುಪಾತ ಒಂದು ಮಿತಿ ದಾಟಿ ಏರಲಾರದು. ಮೂರು ವಾರ ಮನೆಯಲ್ಲಿ ಮಲಗಿದ್ದವನು ನಾಲ್ಕನೇ ವಾರ ಬಂದು ಒಂದೇ ಒಂದು ಓವರ್ ಹಾಕಿದ ಎನ್ನಿ. ಒಟ್ಟು 6 ಎಸೆತ, ಸರಾಸರಿ ಒಂದೂವರೆ, ಅನುಪಾತ 4. ಅವನೇ ಮೈಮೇಲೆ ದೆವ್ವ ಬಂದವನಂತೆ 600 ಎಸೆತ ಹಾಕಿದರೆ? ಸರಾಸರಿ 150, ಅನುಪಾತ 4. ಆರು ಹಾಕಿದರೂ ನಾಲ್ಕು, ಆರುನೂರು ಹಾಕಿದರೂ ನಾಲ್ಕು. ಒಬ್ಬನಿಗೆ ಎಳನೀರು ಕೊಡಬೇಕು, ಇನ್ನೊಬ್ಬನಿಗೆ ಆಂಬುಲೆನ್ಸ್ ಕರೆಸಬೇಕು, ಆ್ಯಪ್‌ಗೆ ಇಬ್ಬರೂ ಒಂದೇ. ನಾಲ್ಕು ವಾರವೂ ಆಡದೆ ಇದ್ದವನ ಅನುಪಾತವನ್ನಂತೂ ಕೇಳಲೇಬೇಡಿ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದ ಮಕ್ಕಳನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಈ ಅಳಿಯತನಕ್ಕೆ ಲೆಕ್ಕದವರು ಬೇರೆ ಹೆಸರಿಟ್ಟಿದ್ದಾರೆ. ಲೊಲ್ಲಿ ಎಂಬ ಸಂಶೋಧಕರು ಮತ್ತವರ ಸಂಗಡಿಗರು ಇದನ್ನು ಎತ್ತಿ ತೋರಿಸಿ ಹಲವು ವರ್ಷಗಳೇ ಆದವು. ಒಂದಕ್ಕೊಂದು ಯಾವ ನಂಟೂ ಇಲ್ಲದ ನಾಲ್ಕು ಸಂಖ್ಯೆ ಬರೆಯಿರಿ, ಹೀಗೆ ಸಾವಿರ ಸಾಲು ಬರೆಯಿರಿ. ಪ್ರತಿ ಸಾಲಿನ ಕೊನೆಯ ಸಂಖ್ಯೆಗೂ ಆ ನಾಲ್ಕರ ಸರಾಸರಿಗೂ ಇರುವ ನಂಟನ್ನು ಅಳೆಯಿರಿ. ಸುಮಾರು 0.5 ಬರುತ್ತದೆ. ಆಟಗಾರ ಇಲ್ಲ, ಮೈದಾನ ಇಲ್ಲ, ಬೆವರಿಲ್ಲ, ಆದರೂ ನಂಟು ಬಂತು. ಅದು ಎಲ್ಲಿಂದ ಬಂತೆಂದರೆ ಸೂತ್ರದಿಂದಲೇ ಬಂತು.

ಯುವಕ ಜಾಣ. ಕೊನೆಯ ವಾರವನ್ನು ಛೇದದಿಂದ ಹೊರಗಿಟ್ಟು ಲೆಕ್ಕ ಹಾಕುವ ಕ್ರಮವೂ ಉಂಟು ಸರ್, ಸೆಟ್ಟಿಂಗ್ಸ್‌ನಲ್ಲಿ ಬದಲಿಸಬಹುದು ಎಂದ. ಬದಲಿಸು ಎಂದೆ. ಮೊದಲ ಮೂರು ವಾರದ ಸರಾಸರಿ 96. ಅನುಪಾತ 2.0. ಅದೇ ಹುಡುಗ, ಅವೇ ಎಸೆತಗಳು. ಸೆಟ್ಟಿಂಗ್ಸ್‌ನಲ್ಲಿ ಬೆರಳಾಡಿಸಿದ್ದಕ್ಕೆ ಅಪಾಯ 1.6ರಿಂದ 2ಕ್ಕೆ ಏರಿತು. "ಹೊಸ ವಿಧಾನಕ್ಕೆ ಬಟ್ಟಲಿನ ಗೆರೆಯೂ ಬದಲಾಗಬೇಕಲ್ಲವೆ? ಬದಲಾಗಿದೆಯೆ?" ಪರದೆಯ ಮೇಲೆ ಅದೇ 1.5 ಕೆಂಪಗೆ ಕೂತಿತ್ತು. "ನೋಟ್ ಮಾಡಿಕೊಂಡೆ ಸರ್" ಎಂದ.

ನಾನು ನನ್ನದೇ ಉದಾಹರಣೆ ಕೊಟ್ಟೆ. ಸಂಜೆ ಮನೆಯ ತಾರಸಿಯ ಮೇಲೆ ಸುತ್ತು ಹಾಕುತ್ತೇನೆ. ಮೂರು ವಾರ ಹತ್ತು ಹತ್ತು ಸುತ್ತು. ನಾಲ್ಕನೇ ವಾರ ಮೊಮ್ಮಗಳು ಬಂದಿದ್ದಳು, ಅವಳ ಹಿಂದೆ ಓಡಿ ಇಪ್ಪತ್ತಾಯಿತು. ಸರಾಸರಿ ಹನ್ನೆರಡೂವರೆ, ಅನುಪಾತ 1.6. ಗಂಟೆಗೆ ನೂರಿಪ್ಪತ್ತೈದು ಕಿಲೋಮೀಟರ್ ವೇಗದಲ್ಲಿ ಚೆಂಡೆಸೆಯುವ ಹುಡುಗನೂ ನಾನೂ ಅಪಾಯದಲ್ಲಿ ಸರಿಸಮಾನರು. ಇದನ್ನು ಮನೆಯಲ್ಲಿ ಹೇಳಿದರೆ ತಾರಸಿಗೂ ಹೋಗಬೇಡಿ ಎನ್ನುತ್ತಾರೆ. ಇನ್ನೊಂದು ತುದಿಗೆ ಹೋಗಿ. ಯಾರಾದರೂ ವಾರಕ್ಕೆ ಐವತ್ತು ಓವರಿನಂತೆ ವಾರವಾರವೂ ಹಾಕುತ್ತಲೇ ಇದ್ದರೆ ಅವನ ಅನುಪಾತ ಸದಾ 1.0, ಹಸಿರಿನ ನಟ್ಟನಡುವೆ. ಗಾಣದೆತ್ತಿನಷ್ಟು ಸುರಕ್ಷಿತ ಪ್ರಾಣಿ ಈ ಸೂತ್ರದ ಪ್ರಕಾರ ಜಗತ್ತಿನಲ್ಲಿ ಇನ್ನೊಂದಿಲ್ಲ.

ಛೇದದ ಬಗ್ಗೆ ಇನ್ನೂ ಒಂದು ಮಾತಿದೆ, ಅದನ್ನು ಕೇಳಿದಾಗ ಯುವಕನ ಮುಖ ಸ್ವಲ್ಪ ಬಿಳಿಚಿತು. ಫ್ರಾಂಕೊ ಇಂಪೆಲ್ಲಿಝೇರಿ ಎಂಬ ಸಂಶೋಧಕರು ಮತ್ತವರ ಸಂಗಡಿಗರು 2020ರ ಸುಮಾರಿಗೆ ಈ ಅನುಪಾತದ ಬೆನ್ನು ಹತ್ತಿದರು. ಅವರು ಮಾಡಿದ್ದು ಸರಳ ಕುಚೇಷ್ಟೆ. ಆಟಗಾರರ 28 ದಿನದ ನಿಜವಾದ ಸರಾಸರಿಯನ್ನು ತೆಗೆದುಹಾಕಿ, ಆ ಜಾಗದಲ್ಲಿ ಕಂಪ್ಯೂಟರ್ ಕಣ್ಣುಮುಚ್ಚಿ ಹೆಕ್ಕಿದ ಸಂಖ್ಯೆಗಳನ್ನು ಇಟ್ಟರು. ಗಾಯದ ಜೊತೆಗಿನ ನಂಟು ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಅಂದರೆ ನಾಲ್ಕು ವಾರ ಆಟಗಾರ ಎಷ್ಟು ದುಡಿದಿದ್ದ, ಎಷ್ಟು ಹದಗೊಂಡಿದ್ದ ಎಂಬುದನ್ನು ಈ ಅನುಪಾತ ಹಿಡಿದಿಡುತ್ತದೆಂಬ ಮಾತಿಗೇ ಆಧಾರ ಇಲ್ಲ. ತಕ್ಕಡಿಯ ಒಂದು ತಟ್ಟೆಯಲ್ಲಿ ಬೆಲ್ಲ, ಇನ್ನೊಂದರಲ್ಲಿ ತೂಕದ ಕಲ್ಲಿನ ಬದಲು ಕೈಗೆ ಸಿಕ್ಕಿದ ಕಲ್ಲು. ಆದರೂ ಶೆಟ್ಟರು ಗ್ರಾಂ ಲೆಕ್ಕದಲ್ಲಿ ರಸೀತಿ ಕೊಡುತ್ತಿದ್ದಾರೆ. ಸಂಶೋಧಕರು ಈ ಅನುಪಾತವನ್ನು ಬಿಟ್ಟೇಬಿಡಿ ಎಂದು ನೇರವಾಗಿಯೇ ಬರೆದರು. ಬಿಟ್ಟವರು ಬಿಟ್ಟರು, ಉಳಿದವರು ಅದಕ್ಕೆ ಆ್ಯಪ್ ಮಾಡಿಸಿದರು.

"ನಮ್ಮದು ಬರೀ ಎಸೆತ ಅಲ್ಲ ಸರ್, ಒಟ್ಟು ಹೊರೆ ಅಳೆಯುತ್ತೇವೆ" ಎಂದು ಅವನು ವೆಸ್ಟ್ ಎತ್ತಿ ತೋರಿಸಿದ. ಬೆನ್ನಿನ ಮೇಲಿನ ಜಿಪಿಎಸ್ ಎಷ್ಟು ಓಡಿದ, ಎಷ್ಟು ವೇಗವಾಗಿ ಓಡಿದ ಎಂದು ಹೇಳುತ್ತದೆ. ಒಳ್ಳೆಯದು. ಆದರೆ ವೇಗಿಯ ಸೊಂಟದ ಮೂಳೆಗೆ ಬಿರುಕು ತರುವುದು ಬೌಂಡರಿಯ ಹತ್ತಿರ ಅವನು ಅಡ್ಡಾಡಿದ ಕಿಲೋಮೀಟರ್ ಅಲ್ಲ, ಚೆಂಡು ಬಿಡುವ ಗಳಿಗೆಯಲ್ಲಿ ಮುಂಗಾಲು ನೆಲಕ್ಕೆ ಅಪ್ಪಳಿಸಿ, ಮೈ ಒಂದು ಕಡೆಗೆ ಬಾಗಿ ತಿರುಚಿಕೊಳ್ಳುವಾಗ ಬೀಳುವ ಒತ್ತಡ. ಆ ಒತ್ತಡವನ್ನು ಅಳೆದಿಲ್ಲ, ದಾರಿಯನ್ನು ಅಳೆದಿದ್ದಾರೆ. ಇದಕ್ಕೆ ಪೂರಕವಾಗಿ ಆ್ಯಪ್ ಪ್ರತಿ ಸಂಜೆ ಹುಡುಗರನ್ನು "ಇವತ್ತು ಎಷ್ಟು ಕಷ್ಟವಾಯಿತು?" ಎಂದು ಕೇಳಿ ಸೊನ್ನೆಯಿಂದ ಹತ್ತರವರೆಗೆ ಅಂಕ ಪಡೆಯುತ್ತದೆ, ಅದನ್ನು ನಿಮಿಷಗಳಿಂದ ಗುಣಿಸಿದರೆ ಹೊರೆ. ಕಾರ್ಲ್ ಫಾಸ್ಟರ್ ರೂಪಿಸಿದ ಈ ವಿಧಾನ ಅಗ್ಗದ್ದು, ಪ್ರಾಮಾಣಿಕವಾಗಿ ಬಳಸಿದರೆ ಉಪಯೋಗದ್ದೂ ಹೌದು. ನಮ್ಮ ಹುಡುಗರು ಬಳಸಿದ ರೀತಿ ಮಾತ್ರ ಬೇರೆ. ತಂಡದ ಆಯ್ಕೆಗೆ ಮುಂಚಿನ ವಾರ ಎಲ್ಲರಿಗೂ ಎರಡು ಅಂಕ ಕಷ್ಟ, ಆಯ್ಕೆ ಮುಗಿದ ಮರುದಿನ ಎಲ್ಲರಿಗೂ ಒಂಬತ್ತು.

ಇಷ್ಟರಲ್ಲಿ ಐದು ನಿಮಿಷ ಎಂದೋ ಮುಗಿದಿತ್ತು. ಆದರೆ ವಡೆ ಇನ್ನೂ ಬಂದಿರಲಿಲ್ಲ, ಹಾಗಾಗಿ ನನ್ನನ್ನು ತಡೆಯುವವರು ಯಾರೂ ಇರಲಿಲ್ಲ.

"ಕೆಂಪಿಗೆ ಬಂದವರಿಗೆ ಗಾಯದ ಅಪಾಯ ಎರಡು ಪಟ್ಟು ಎಂದೆಯಲ್ಲ, ಯಾವುದರ ಎರಡು ಪಟ್ಟು?" ಎಂದೆ. ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಇದು ಅವನ ತಪ್ಪಲ್ಲ, ಸ್ಲೈಡಿನಲ್ಲಿ ಆ ಸಂಖ್ಯೆಯೇ ಇರಲಿಲ್ಲ. ಲೆಕ್ಕಕ್ಕೆಂದು ಇಟ್ಟುಕೊಳ್ಳೋಣ: ಒಂದು ಸಾಮಾನ್ಯ ವಾರದಲ್ಲಿ ನೂರು ಬೌಲರ್‌ಗಳಲ್ಲಿ ನಾಲ್ವರಿಗೆ ಗಾಯವಾಗುತ್ತದೆ. ಎರಡು ಪಟ್ಟು ಎಂದರೆ ಎಂಟು. ಕೆಂಪು ದೀಪ ಕಂಡ ನೂರು ಮಂದಿಯನ್ನೂ ಮನೆಗೆ ಕಳಿಸಿದರೆ ಅವರಲ್ಲಿ ತೊಂಬತ್ತೆರಡು ಮಂದಿ ಏನೂ ಆಗದೆ ಆಡಬಹುದಾಗಿದ್ದವರು. ಆ ಎಂಟು ಮಂದಿ ಯಾರು ಎಂಬುದು ಆ್ಯಪ್‌ಗೂ ಗೊತ್ತಿಲ್ಲ. ಗುಂಪಿನ ಬಗ್ಗೆ ನಿಜವಾದದ್ದು ಗುಂಪಿನೊಳಗಿನ ಒಬ್ಬನ ಭವಿಷ್ಯ ಹೇಳುವುದಿಲ್ಲ. ನಾರ್ವೆಯ ಕ್ರೀಡಾ ವೈದ್ಯ ರೊಆಲ್ಡ್ ಬಾರ್ 2016ರಲ್ಲೇ, ಗಾಯವನ್ನು ಮುಂಚಿತವಾಗಿ ಊಹಿಸುವ ತಪಾಸಣೆಗಳು ಕೆಲಸ ಮಾಡುವುದಿಲ್ಲ, ಬಹುಶಃ ಎಂದೂ ಮಾಡಲಾರವು ಎಂದು ತಲೆಬರಹದಲ್ಲೇ ಬರೆದುಬಿಟ್ಟರು. ನಮ್ಮ ಜೋಯಿಸರು ಇಷ್ಟು ಸಲ ತಪ್ಪಿದರೆ ದಕ್ಷಿಣೆಯಲ್ಲಿ ಕಡಿತ ಮಾಡುತ್ತೇವೆ.

ಅದಿರಲಿ, ಆ ಎಂಟರಲ್ಲೂ ಅನುಪಾತದ ಪಾತ್ರ ಎಷ್ಟು? ಕೆಂಪು ದೀಪ ಯಾರಿಗೆ ಹತ್ತುತ್ತದೆ ನೋಡಿ. ಗಾಯವಾಗಿ ತಿಂಗಳುಗಟ್ಟಲೆ ಮಲಗಿದ್ದು ಈಗಷ್ಟೇ ಮರಳಿದವನ ಛೇದ ಸೊನ್ನೆಯ ಹತ್ತಿರ ಇರುತ್ತದೆ, ಹಾಗಾಗಿ ಅವನು ನಾಲ್ಕು ಓವರ್ ಹಾಕಿದರೂ ಕೆಂಪು. ಒಮ್ಮೆ ಗಾಯವಾದ ಜಾಗದಲ್ಲಿ ಮತ್ತೆ ಗಾಯವಾಗುವ ಸಂಭವ ಹೆಚ್ಚು ಎಂಬುದು ಈ ಶಾಸ್ತ್ರದಲ್ಲಿ ಗಟ್ಟಿಯಾಗಿ ನಿಂತಿರುವ ಕೆಲವೇ ಸಂಗತಿಗಳಲ್ಲಿ ಒಂದು. ಅವನಿಗೆ ಮತ್ತೆ ಗಾಯವಾದರೆ ಕಾರಣ ಹಳೆಯ ಗಾಯವೋ ಹೊಸ ಅನುಪಾತವೋ? ಪಂದ್ಯ ಹೆಚ್ಚಿರುವ ವಾರದಲ್ಲಿ ಎಸೆತವೂ ಹೆಚ್ಚು. ನೆಟ್ಸ್‌ಗಿಂತ ಪಂದ್ಯದಲ್ಲಿ ಗಾಯವೂ ಹೆಚ್ಚು. ಡೈವ್ ಹೊಡೆದು ಹೆಗಲು ಜಾರಿಸಿಕೊಂಡವನ ಗಾಯಕ್ಕೂ ಅನುಪಾತವೇ ಹೊಣೆಯೋ? ಕೋಳಿ ಕೂಗಿದ್ದಕ್ಕೇ ಬೆಳಗಾಯಿತೆಂದ ಅಜ್ಜಿ ಕೂಡ ಕೋಳಿಗೆ ಚಂದಾ ಕಟ್ಟಿರಲಿಲ್ಲ.

ಯುವಕ ಈಗ ನೀರು ಕುಡಿದು, "ಸರ್, ನೀವು ಥಿಯರಿ ಹೇಳುತ್ತಿದ್ದೀರಿ. ಫೀಲ್ಡಿನಲ್ಲಿ ಇದು ವರ್ಕ್ ಆಗುತ್ತದೆ" ಎಂದ. ನಾನು ಕಾಯುತ್ತಿದ್ದದ್ದೇ ಈ ಮಾತಿಗೆ. ಫೀಲ್ಡಿನಲ್ಲಿ ಪರೀಕ್ಷಿಸಿದವರು ಇದ್ದಾರೆ. ನಾರ್ವೆಯಲ್ಲಿ ಎಳೆಯ ವಯಸ್ಸಿನ ಉನ್ನತ ಮಟ್ಟದ ಫುಟ್‌ಬಾಲ್ ಆಟಗಾರರು, ಹುಡುಗರೂ ಹುಡುಗಿಯರೂ ಸೇರಿ 482 ಮಂದಿ, 34 ತಂಡ. ಯಾವ ತಂಡ ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತುವ ಕ್ರಮದಲ್ಲಿ ತೀರ್ಮಾನಿಸಿದರು. ಒಂದು ಗುಂಪಿನ ತರಬೇತುದಾರರು ಈ ಅನುಪಾತ ನೋಡಿಕೊಂಡು ಅಭ್ಯಾಸ ಹೊಂದಿಸಬೇಕು, ಇನ್ನೊಂದು ಗುಂಪಿನವರು ಎಂದಿನಂತೆ ಮಾಡಿಸಬೇಕು. ಹತ್ತು ತಿಂಗಳು ನಡೆಯಿತು. 2021ರಲ್ಲಿ ಫಲಿತಾಂಶ ಬಂತು: ಗಾಯ, ಕಾಯಿಲೆಗಳಲ್ಲಿ ಎರಡೂ ಗುಂಪಿಗೆ ವ್ಯತ್ಯಾಸ ಕಾಣಲಿಲ್ಲ. ಅದು ಫುಟ್‌ಬಾಲ್, ನಮ್ಮದು ಬೌಲಿಂಗ್ ಎಂದು ಅವನು ವಾದಿಸಬಹುದಿತ್ತು. ಆ ವಾದದಲ್ಲಿ ಹುರುಳಿದೆ, ನಾನೇ ಒಪ್ಪುತ್ತಿದ್ದೆ. ಅವನು ಹಾಗೆ ವಾದಿಸಲಿಲ್ಲ, ಏಕೆಂದರೆ ಆ ಪ್ರಯೋಗದ ಹೆಸರನ್ನೇ ಅವನು ಕೇಳಿರಲಿಲ್ಲ. ನಲವತ್ತೆರಡು ಸ್ಲೈಡಿನಲ್ಲಿ ಅದಕ್ಕೆ ಜಾಗವಾಗಿರಲಿಲ್ಲ. ಒಬ್ಬ ಸಿನಿಮಾ ನಟ ವೆಸ್ಟ್ ತೊಟ್ಟು ನಿಂತ ಫೋಟೊಗೆ ಎರಡು ಸ್ಲೈಡ್ ಹೋಗಿತ್ತು.

ಓಟಗಾರರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸುತ್ತುವ ಹತ್ತು ಶೇಕಡಾ ನಿಯಮಕ್ಕೂ ಇದೇ ಗತಿಯಾಗಿತ್ತು. ವಾರಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಿದರೆ ಮಂಡಿ ಕೆಡುತ್ತದೆ ಎನ್ನುವ ನಿಯಮ. ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗೆನ್‌ನಲ್ಲಿ 532 ಹೊಸ ಓಟಗಾರರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹದಿಮೂರು ವಾರದ ನಿಧಾನದ ತರಬೇತಿ, ಇನ್ನೊಂದಕ್ಕೆ ಎಂಟು ವಾರದ ಸಾಮಾನ್ಯ ತರಬೇತಿ ಕೊಟ್ಟರು. ಗಾಯಗೊಂಡವರು ನಿಧಾನದ ಗುಂಪಿನಲ್ಲಿ ಶೇ. 20.8, ಇನ್ನೊಂದರಲ್ಲಿ ಶೇ. 20.3. ಇದು 2008ರ ಮಾತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಅಂದಿನಿಂದ ಇಂದಿನವರೆಗೂ ಕರು ಕಟ್ಟುತ್ತಲೇ ಇದ್ದಾರೆ.

ವಡೆ ಬಂತು. ಆದರೆ ಯುವಕ ತಟ್ಟೆ ಹಿಡಿದು ನನ್ನ ಹತ್ತಿರವೇ ಬಂದು ಕೂತ. ಕೋಪವಿರಲಿಲ್ಲ, ಗೊಂದಲವಿತ್ತು. "ಹಾಗಾದರೆ ಏನೂ ಕೆಲಸ ಮಾಡುವುದಿಲ್ಲವೆ ಸರ್?" ಎಂದು ಕೇಳಿದ. ಆ ಮಧ್ಯಾಹ್ನ ಯಾರಾದರೂ ಕೇಳಿದ ಒಳ್ಳೆಯ ಪ್ರಶ್ನೆ ಅದೊಂದೇ. ನನ್ನವನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಕೆಲಸ ಮಾಡುವುದು ಇದೆ. ಅದಕ್ಕೆ ವೆಸ್ಟ್ ಬೇಡ, ಜಮಖಾನ ಸಾಕು. ಮಂಡಿಯೂರಿ ಕೂರಬೇಕು, ಹಿಂದಿನಿಂದ ಒಬ್ಬ ಎರಡೂ ಹರಡುಗಳನ್ನು ಅದುಮಿ ಹಿಡಿಯಬೇಕು, ಮಂಡಿಯಿಂದ ತಲೆಯವರೆಗೆ ಮೈಯನ್ನು ಹಲಗೆಯಂತೆ ನೆಟ್ಟಗಿಟ್ಟು ನಿಧಾನವಾಗಿ ಮುಂದಕ್ಕೆ ಬಾಗಬೇಕು. ಬೀಳದಂತೆ ತಡೆಯುವುದು ತೊಡೆಯ ಹಿಂಭಾಗದ ಸ್ನಾಯು. ಇನ್ನು ತಡೆಯಲಾಗದು ಎಂದಾಗ ಅಂಗೈ ಊರಿ ನೆಲಕ್ಕೆ ಇಳಿಯಬೇಕು. ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್ ಎನ್ನುತ್ತಾರೆ. ಡೆನ್ಮಾರ್ಕ್‌ನ 50 ಫುಟ್‌ಬಾಲ್ ತಂಡಗಳನ್ನು ಇದೇ ರೀತಿ ಚೀಟಿ ಎತ್ತಿ ಎರಡು ಪಾಲು ಮಾಡಿ, ಒಂದು ಪಾಲಿಗೆ ಹತ್ತು ವಾರ ಇದನ್ನು ಹಂತಹಂತವಾಗಿ ಮಾಡಿಸಿ, ಆಮೇಲೆ ವಾರಕ್ಕೊಮ್ಮೆ ಮುಂದುವರಿಸಿದರು. ಮಾಡದ ಗುಂಪಿನಲ್ಲಿ 52 ಹ್ಯಾಮ್‌ಸ್ಟ್ರಿಂಗ್ ಗಾಯ, ಮಾಡಿದ ಗುಂಪಿನಲ್ಲಿ 15. ಎರಡೂ ಗುಂಪಿನಲ್ಲಿ ಆಟಗಾರರ ಸಂಖ್ಯೆ ಹೆಚ್ಚುಕಡಿಮೆ ಒಂದೇ, ಐನೂರರ ಹತ್ತಿರ. ಇದು ಎಲ್ಲ ಗಾಯಕ್ಕೂ ಮದ್ದಲ್ಲ. ವೇಗಿಯ ಬೆನ್ನುಮೂಳೆಗೆ ಇದರಿಂದ ಏನೂ ಆಗುವುದಿಲ್ಲ. ಒಂದು ಸ್ನಾಯು, ಒಂದು ವ್ಯಾಯಾಮ, ಒಂದು ಫಲಿತಾಂಶ. ಯುರೋಪಿನ ದೊಡ್ಡ ಕ್ಲಬ್ಬುಗಳಲ್ಲೇ ಇದನ್ನು ಪೂರ್ತಿ ಪಾಲಿಸಿದವರು ಬೆರಳೆಣಿಕೆ ಎಂದು 2015ರಲ್ಲಿ ವರದಿಯಾಯಿತು. ಮಾರುವುದಕ್ಕೆ ಏನೂ ಇಲ್ಲದ ವಸ್ತುವನ್ನು ಮಾರುವವರಾದರೂ ಯಾರು?

"ಮಾಡಿ ತೋರಿಸ್ತೀಯೇನಪ್ಪಾ?" ಎಂದೆ. ವಡೆಯ ತಟ್ಟೆ ಬದಿಗಿಟ್ಟು ಜಮಖಾನದ ಮೇಲೆ ಮಂಡಿಯೂರಿದ. ಫೈನಲ್ ತಪ್ಪಿಸಿಕೊಂಡ ನಮ್ಮ ಎಡಗೈ ವೇಗಿ ಬಂದು, ಬೇಕಾದ್ದಕ್ಕಿಂತ ತುಸು ಹೆಚ್ಚೇ ಬಿಗಿಯಾಗಿ, ಅವನ ಹರಡು ಹಿಡಿದ. ಮೊದಲ ಸಲ ಅರ್ಧಕ್ಕೂ ಬಾಗದೆ ದೊಪ್ಪನೆ ಬಿದ್ದ. ಎರಡನೇ ಸಲ ಟ್ರ್ಯಾಕ್‌ಪ್ಯಾಂಟಿನ ಜೇಬಿನಿಂದ ಮೊಬೈಲ್ ಜಾರಿ ಚಟ್ನಿಯ ಹತ್ತಿರ ಹೋಯಿತು. ಐದು ಸಲ ಮಾಡಿ ಎದ್ದು ಕೂತು, "ಎಷ್ಟು ದಿನಕ್ಕೆ ಎಷ್ಟು ಮಾಡಬೇಕು ಸರ್?" ಎಂದ.

ಡೆನ್ಮಾರ್ಕ್‌ನವರ ಪಟ್ಟಿ ಸ್ಕೋರ್ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡಿದ್ದೆ. ಮೊದಲ ವಾರ ಒಂದು ದಿನ, ಐದೈದರ ಎರಡು ಸುತ್ತು, ಒಟ್ಟು 10. ಎರಡನೇ ವಾರ ಎರಡು ದಿನ, ಆರಾರರ ಎರಡು ಸುತ್ತು, 24. ಮೂರನೇ ವಾರ ಮೂರು ದಿನ, ಕಡಿಮೆಯೆಂದರೂ ಆರಾರರ ಮೂರು ಸುತ್ತು, 54. ನಾಲ್ಕನೇ ವಾರವೂ ಮೂರು ದಿನ, ಎಂಟೆಂಟರ ಮೂರು ಸುತ್ತು, 72. ಐದನೇ ವಾರದಿಂದ ದಿನಕ್ಕೆ 12, 10, 8ರಂತೆ ಮೂರು ದಿನ, 90. ಅವನು ಚಟ್ನಿ ಒರೆಸಿದ ಮೊಬೈಲಿನಲ್ಲಿ ಅಭ್ಯಾಸಬಲದಿಂದ ಆ ಸಂಖ್ಯೆಗಳನ್ನು ತನ್ನ ಆ್ಯಪ್‌ಗೆ ತುಂಬುತ್ತಾ ಹೋದ. ಮೊದಲ ವಾರ 4. ಕೆಂಪು. ಎರಡನೇ ವಾರ 2.8. ಕೆಂಪು. ಮೂರನೇ ವಾರ 2.5ರ ಹತ್ತಿರ, ಕೆಂಪು. ನಾಲ್ಕನೇ ವಾರ 1.8.

"ಇದು ಒಂದೇ ವ್ಯಾಯಾಮದ ಲೆಕ್ಕ ಸರ್, ಒಟ್ಟು ಹೊರೆಗೆ ಸೇರಿಸಿದರೆ ಇಷ್ಟು ಕಾಣಿಸುವುದಿಲ್ಲ" ಎಂದ.

"ಸರಿಯಾದ ಮಾತು. ಐದನೇ ವಾರವನ್ನೂ ಹಾಕು."

24, 54, 72, 90. ಒಟ್ಟು 240, ಸರಾಸರಿ 60. ಅವನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದ ಖಜಾಂಚಿ ಪರದೆಯ ಮೇಲೆ ಮೂಡಿದ 1.5ನ್ನು ಗಟ್ಟಿಯಾಗಿ ಓದಿ, ಟಾರ್ಪಾಲಿನವನಿಗೆ ಫೋನ್ ಮಾಡಲು ಆಚೆ ಹೋದರು.